ಬಿಸುವಿಗೆ ಬಾಗಿಲು ತೆರೆಯುತ್ತದೆಂದು ನಾವೇಕೆ ಹೇಳುತ್ತಿಲ್ಲ

ಡಿಸೆಂಬರ್ 1ರಿಂದ ನಮ್ಮ ಭಜನಾ ಮಂದಿರವನ್ನು ದುರಸ್ತಿಗಾಗಿ ಮುಚ್ಚುತ್ತೇವೆಂದು ಸಮಿತಿ ತಿಳಿಸಿದ ವಾರದೊಳಗೆ, ಅದನ್ನು ವಿರೋಧಿಸುವ ಕರಪತ್ರ ಮನೆಮನೆ ತಲುಪಿದೆ. ಸಹಿ ಹಾಕಿದವರಲ್ಲಿ 1984ರಲ್ಲಿ ಇದೇ ಮಂದಿರಕ್ಕೆ ಕಲ್ಲು ಹೊತ್ತವರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ, ಒಪ್ಪುವಂತೆಯೂ ಇಲ್ಲ. ಸಮಿತಿಯ ಕಾರ್ಯದರ್ಶಿಯಾಗಿ ಒಂದೊಂದು ಆಕ್ಷೇಪಕ್ಕೂ ಇಲ್ಲಿ ಉತ್ತರ ಕೊಡುತ್ತಿದ್ದೇನೆ.

ಮೊದಲ ಆಕ್ಷೇಪ: "ಸೋರುವುದು ಹೊಸತಲ್ಲ. ಮೇಲೆ ಶೀಟು ಹೊದಿಸಿ, ಕೆಳಗೆ ಸಾರಣೆ ಮಾಡಿದರೆ ಹತ್ತು ವರ್ಷ ನಿಶ್ಚಿಂತೆ."

ಸೋರುವುದೊಂದೇ ಆಗಿದ್ದರೆ ನಾವೂ ಹಾಗೆಯೇ ಮಾಡುತ್ತಿದ್ದೆವು. ಕಡಲಿಂದ ಕೂಗಳತೆಯಲ್ಲಿರುವ ಕಟ್ಟಡ ಇದು. ಉಪ್ಪುಗಾಳಿಯ ಜೊತೆಗೆ, ಅಂದು ಕಾಂಕ್ರೀಟಿಗೆ ಬೆರೆಸಿದ ಮರಳೂ ದಡದ್ದೇ ಎಂದು ಆ ಹಿರಿಯರೇ ಹೇಳುತ್ತಾರೆ. ಒಳ್ಳೆಯ ಕಾಂಕ್ರೀಟಿನ ಕ್ಷಾರ ಗುಣ ಒಳಗಿನ ಸರಳಿಗೆ ತುಕ್ಕು ಹಿಡಿಯಲು ಬಿಡುವುದಿಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ಸಾಕಷ್ಟು ಸೇರಿದರೆ ಆ ಕಾವಲು ಮುರಿಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಹೀಗೆ ಉಬ್ಬಿದ ಸರಳು ಸುತ್ತಲಿನ ಕಾಂಕ್ರೀಟನ್ನು ಸಿಡಿಸುತ್ತದೆ. ಕಳೆದ ಆಟಿಯಲ್ಲಿ ಹಾರ್ಮೋನಿಯಂ ಇಡುವ ಜಾಗದಲ್ಲಿ ಬಿದ್ದ ಚಕ್ಕೆ ಹಾಗೆ ಸಿಡಿದದ್ದು. ಅದರ ಒಳಮೈಯಲ್ಲಿ ಸರಳಿನ ಅಚ್ಚು ಕಂದು ಬಣ್ಣದಲ್ಲಿ ಮೂಡಿತ್ತು.

ಚಕ್ಕೆ ಬಿದ್ದದ್ದು ನಡುವಿನ ಬೀಮಿನಿಂದ. ಅಲ್ಲಿ ಸ್ವಲ್ಪ ಬಿಡಿಸಿ, ಬ್ರಷ್‌ನಿಂದ ತುಕ್ಕು ಉಜ್ಜಿ ತೆಗೆದು ಅಳೆದಾಗ 20 ಮಿಲಿಮೀಟರಿನ ಸರಳು 16ಕ್ಕೆ ಇಳಿದಿತ್ತು. "ನಾಲ್ಕೇ ಮಿಲಿಮೀಟರ್" ಎಂದು ಕರಪತ್ರ ನಗೆಯಾಡಿದೆ. ಆದರೆ ಸರಳು ಭಾರ ತಡೆಯುವುದು ಅಡ್ಡಳತೆಯಿಂದಲ್ಲ, ಅಡ್ಡ ಕೊಯ್ದಾಗ ಸಿಗುವ ವಿಸ್ತೀರ್ಣದಿಂದ. ಇಪ್ಪತ್ತರ ವರ್ಗ 400, ಹದಿನಾರರ ವರ್ಗ 256. ಅಂದರೆ ನೂರರಲ್ಲಿ 36 ಪಾಲು ಕಬ್ಬಿಣ ಹೋಗಿದೆ. ಅದೂ ಬೀಮಿನ ನಟ್ಟನಡುವೆ, ಅಡಿಯ ಸಾಲಿನಲ್ಲಿ. ಎಳೆತ ಅತಿ ಹೆಚ್ಚಿರುವ ಜಾಗದಲ್ಲಿ.

ಶೀಟು ಮಳೆಯನ್ನು ತಡೆಯುತ್ತದೆ, ಕಾಂಕ್ರೀಟಿನೊಳಗೆ ಸೇರಿಕೊಂಡ ಉಪ್ಪನ್ನು ತೆಗೆಯುವುದಿಲ್ಲ. ನಮ್ಮ ಕರಾವಳಿಯ ಗಾಳಿಯ ತೇವವೇ ತುಕ್ಕಿಗೆ ಸಾಕು. ಸಾರಣೆಯ ತೇಪೆಯಂತೂ ಕೆಲವೊಮ್ಮೆ ಕೆಡುಕನ್ನೇ ಹೆಚ್ಚಿಸುತ್ತದೆ. ಹೊಸ ಸಿಮೆಂಟಿನೊಳಗಿನ ಸರಳು ಸುರಕ್ಷಿತವಾಗುತ್ತದೆ; ಅದರ ಅಂಚಿನಾಚೆ, ಉಪ್ಪು ತುಂಬಿದ ಹಳೆಯ ಕಾಂಕ್ರೀಟಿನಲ್ಲಿರುವ ಅದೇ ಸರಳು ಮೊದಲಿಗಿಂತ ಬೇಗ ತುಕ್ಕು ಹಿಡಿಯತೊಡಗುತ್ತದೆ. ಹಿಂದಿನ ತೇಪೆಗಳ ಸುತ್ತಲೇ ಹೊಸ ಬಿರುಕುಗಳು ಯಾಕೆ ಬಂದಿವೆ ಎಂದು ಕೇಳುವವರು ಒಮ್ಮೆ ತಲೆಯೆತ್ತಿ ನೋಡಲಿ.

ಎರಡನೆಯದು: "ಹ್ಯಾಮರ್ ಟೆಸ್ಟಿನಲ್ಲಿ ಕಾಂಕ್ರೀಟ್ ಪಾಸಾಗಿದೆ, ಸಮಿತಿ ಅದನ್ನು ಮುಚ್ಚಿಟ್ಟಿದೆ."

ಮುಚ್ಚಿಟ್ಟಿಲ್ಲ, ವರದಿಯ ಮೂರನೆಯ ಪುಟದಲ್ಲೇ ಇದೆ. ಆ ಸುತ್ತಿಗೆ ಅಳೆಯುವುದು ಹೊರಮೈಯ ಗಟ್ಟಿತನವನ್ನು. ಗಾಳಿಯ ಇಂಗಾಲಾಮ್ಲ ಹೀರಿದ ಹಳೆಯ ಕಾಂಕ್ರೀಟಿನ ಮೈ ಗಡುಸಾಗುವುದರಿಂದ ಅಂಕಿ ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ. ಒಳಗಿನ ಸರಳು ಹೇಗಿದೆ ಎಂಬುದು ಆ ಸುತ್ತಿಗೆಗೆ ಗೊತ್ತಾಗುವುದಿಲ್ಲ. ನಂಬದವರು ಬನ್ನಿ, ಸಾಮಾನ್ಯ ಸುತ್ತಿಗೆಯಿಂದಲೇ ಬೀಮನ್ನು ಮೆಲ್ಲಗೆ ತಟ್ಟಿ ತೋರಿಸುತ್ತೇವೆ. ಗಟ್ಟಿ ಇರುವಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟುಕೊಂಡಲ್ಲಿ ಡಬ್ ಎನ್ನುತ್ತದೆ. ಪರೀಕ್ಷೆ ಮಾಡಿದ ಇಂಜಿನಿಯರಿಗೆ ಕಾಮಗಾರಿಯ ಗುತ್ತಿಗೆಯಲ್ಲಿ ಪಾಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಮೂರನೆಯದು: "ಅರ್ಧ ಭಾಗದಲ್ಲಿ ಕೆಲಸ ಮಾಡಿ, ಉಳಿದರ್ಧದಲ್ಲಿ ಭಜನೆ ನಡೆಯಲಿ."

ಮಂದಿರಕ್ಕೆ ಮೂರು ಬೀಮ್, ಮೂರೂ ಗೋಡೆಯಿಂದ ಗೋಡೆಗೆ ಮೂವತ್ತು ಅಡಿ. ಸ್ಲಾಬ್ ಮಾತ್ರ ಅವುಗಳ ಮೇಲೆ ಒಂದೇ ಹಾಸಾಗಿದೆ. ಸರಳಿನ ಹಿಂಬದಿಗೂ ಬೆರಳು ಹೋಗುವಷ್ಟು ಕಾಂಕ್ರೀಟ್ ಕೊರೆದು ತೆಗೆದ ಮೇಲೆ ಆ ಬೀಮ್ ಹೊರುತ್ತಿದ್ದ ಭಾರ ಜಾಕಿಗಳ ಮೇಲೂ ಪಕ್ಕದ ಬೀಮುಗಳ ಮೇಲೂ ಬೀಳುತ್ತದೆ. ಆ ಪಕ್ಕದ ಬೀಮಿನ ಅಡಿಯಲ್ಲೇ ಮಕ್ಕಳನ್ನು ಕೂರಿಸಿ ತಾಳ ಹಾಕಿಸಿ ಎನ್ನುತ್ತಾರೆ ನಮ್ಮ ವಿರೋಧಿಗಳು. ಸಹಿ ಹಾಕುವಾಗ ಇದು ಅವರ ಗಮನಕ್ಕೆ ಬಂದಿರಲಾರದು ಎಂದುಕೊಳ್ಳುತ್ತೇನೆ.

ನಾಲ್ಕನೆಯದು: "ನಿತ್ಯ ಭಜನೆ ನಿಂತುಹೋಗುತ್ತದೆ."

ನಿಲ್ಲುವುದಿಲ್ಲ. ದೇವರ ಪಟಗಳೂ ದೀಪವೂ ನವೆಂಬರ್ 30ರ ಸಂಜೆ ಭಜನೆಯೊಂದಿಗೆ ಹಿಂದಿನ ಬೀದಿಯ ಯುವಕ ಮಂಡಲದ ಕೋಣೆಗೆ ಹೋಗುತ್ತವೆ. ದಿನದ ದೀಪ, ಭಜನೆ ಅಲ್ಲೇ. ಆ ಕೋಣೆ ಚಿಕ್ಕದು, ನೆಲದಲ್ಲಿ ಒತ್ತಿ ಕೂತರೂ ಮೂವತ್ತು ಜನರಿಗಿಂತ ಹೆಚ್ಚು ಹಿಡಿಸದು. ಆದ್ದರಿಂದ ಶನಿವಾರದ ಭಜನೆ ಪ್ರಾಥಮಿಕ ಶಾಲೆಯ ಸಭಾಂಗಣದಲ್ಲಿ, ಸಂಜೆ ಆರೂವರೆಯಿಂದ ಎಂಟರವರೆಗೆ. ಎಂಟಕ್ಕೆ ಬೀಗ ಹಾಕಿ ಕೀಲಿ ಕೊಡಬೇಕೆಂಬ ಷರತ್ತಿನ ಮೇಲೆ ಅನುಮತಿ ಸಿಕ್ಕಿದೆ, ಹಾಗಾಗಿ ಮಂಗಳ ಹಾಡುವುದು ತಡವಾಗಬಾರದು. ಪರೀಕ್ಷೆಯ ತಿಂಗಳಲ್ಲಿ ಶಾಲೆ ಸಿಗುವುದಿಲ್ಲ. ಮಾರ್ಚ್‌ನ ಶನಿವಾರಗಳಲ್ಲಿ ಸರದಿಯ ಮೇಲೆ ಮನೆ ಭಜನೆ ಇಟ್ಟುಕೊಂಡಿದ್ದೇವೆ. ಮೆಟ್ಟಿಲು ಹತ್ತಲಾಗದ ಹಿರಿಯರಿಗಾಗಿ ನೆಲಮಟ್ಟದ ಜಗಲಿ ಇರುವ ಮನೆಗಳನ್ನೇ ಆರಿಸಿದ್ದೇವೆ. ಫೆಬ್ರವರಿಯ ಮಂಗಲೋತ್ಸವ ಮೈದಾನದಲ್ಲಿ, ಚಪ್ಪರದಡಿ.

ಕೊನೆಯದು, ಎಲ್ಲಕ್ಕಿಂತ ಜೋರಾಗಿ ಕೇಳಿಬರುತ್ತಿರುವುದು: "ಮತ್ತೆ ತೆರೆಯುವ ದಿನಾಂಕ ಹೇಳದ ಸಮಿತಿಯನ್ನು ನಂಬುವುದು ಹೇಗೆ?"

ಬಿಸು ಕಣಿಗೆ ಬಾಗಿಲು ತೆರೆಯುತ್ತೇವೆಂದು ಸಭೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಬಹುದಿತ್ತು. ಆದರೆ ಲೆಕ್ಕ ಅಲ್ಲಿಗೆ ಮುಟ್ಟುವುದಿಲ್ಲ. ಡಿಸೆಂಬರ್ ಇಡೀ ಜಾಕಿ ಕೊಟ್ಟು ಸಾರಣೆ ಬಿಡಿಸುವುದಕ್ಕೆ ಬೇಕು. ಜನವರಿಯಲ್ಲಿ ಸರಳಿನ ಕೆಲಸ: ತುಕ್ಕು ತೆಗೆದು, ಸವೆದ ಸರಳಿನ ಪಕ್ಕಕ್ಕೆ ಹೊಸದನ್ನು ಜೋಡಿಸಿ, ರಕ್ಷಣೆಯ ಲೇಪ ಬಳಿದು, ಅಚ್ಚು ಕಟ್ಟಿ ಹೊಸ ಕಾಂಕ್ರೀಟ್ ತುಂಬಬೇಕು. ಐ.ಎಸ್. 456 ಮಾನಕದ ಪ್ರಕಾರ ಆರು ಮೀಟರಿಗಿಂತ ಉದ್ದದ ಬೀಮಿನಡಿಯ ಜಾಕಿಗಳನ್ನು ಸಾಮಾನ್ಯವಾಗಿ 21 ದಿನ ಕಳೆಯದೆ ತೆಗೆಯುವಂತಿಲ್ಲ. ನಮ್ಮ ಇಂಜಿನಿಯರ್ 28 ದಿನ ಎಂದಿದ್ದಾರೆ. ಎರಡು ಬೀಮುಗಳನ್ನು ಒಟ್ಟಿಗೆ ಕೊರೆಯುವಂತಿಲ್ಲವಾದ್ದರಿಂದ ಎರಡನೆಯದರ ಸರದಿ ಅದಾದ ಮೇಲೆ, ಫೆಬ್ರವರಿ ಕೊನೆಗೆ. ಅದರ ಜಾಕಿ ಇಳಿಯುವಾಗ ಮಾರ್ಚ್ ಮುಗಿದಿರುತ್ತದೆ. ಆಮೇಲೆ ಮಾಡಿಗೆ ನೀರು ಹರಿಯುವಂತೆ ಇಳಿಜಾರು ಕೊಟ್ಟು, ಎರಡು ದಿನ ನೀರು ನಿಲ್ಲಿಸಿ ಸೋರುತ್ತದೆಯೇ ಎಂದು ನೋಡಿ, ವೈರಿಂಗ್, ಬಣ್ಣ. ಎಲ್ಲವೂ ಸರಿಯಾಗಿ ಸಾಗಿದರೆ ಏಪ್ರಿಲ್ ಕೊನೆ.

ಮೂರನೆಯ ಬೀಮಿನ ವಿಷಯ ಮಾತ್ರ ಈಗಲೇ ಹೇಳುವಂತಿಲ್ಲ. ಹೊರಗೆ ಬಿರುಕಿಲ್ಲ, ಆದರೆ ತಟ್ಟಿದಾಗ ಎರಡು ಕಡೆ ಡಬ್ ಎಂದಿದೆ. ಸಾರಣೆ ಬಿಡಿಸಿ ಸರಳು ಅಳೆಯುವವರೆಗೆ ಇಂಜಿನಿಯರಿಗೂ ತಿಳಿಯದು. ಅದೂ ಕೆಟ್ಟಿದ್ದರೆ ಇನ್ನೂ ಒಂದೂವರೆ ತಿಂಗಳು ಹಿಡಿಯುತ್ತದೆ, ಜೂನ್ ನಡುವಿನ ತನಕ. ಅಷ್ಟರಲ್ಲಿ ಮಳೆ ಹಿಡಿದರೆ ಮಾಡಿನ ಕೆಲಸ ನಿಲ್ಲಿಸಿ, ತಾತ್ಕಾಲಿಕವಾಗಿ ಹೊದಿಕೆ ಹಾಕಿ, ನವರಾತ್ರಿಯ ಹೊತ್ತಿಗೆ ತೆರೆಯಬೇಕಾಗುತ್ತದೆ. ಏಪ್ರಿಲ್ ಕೊನೆ ಎಂಬುದು ನಮ್ಮ ಅಂದಾಜು, ನವರಾತ್ರಿ ಎಂಬುದು ಹೊರಮಿತಿ. ಇವೆರಡರಲ್ಲಿ ಯಾವುದು ಎಂಬುದು ಜನವರಿ ಮೊದಲ ಭಾನುವಾರ ಗೊತ್ತಾಗುತ್ತದೆ. ಅಂದು ಬೆಳಿಗ್ಗೆ ಹತ್ತಕ್ಕೆ ಮೂರನೆಯ ಬೀಮಿನ ಸರಳನ್ನು ಎಲ್ಲರೆದುರು ಅಳೆಯುತ್ತೇವೆ, ಅಂಕಿಯನ್ನು ಮಂದಿರದ ಗೇಟಿಗೆ ಅಂಟಿಸುತ್ತೇವೆ. ಕರಪತ್ರಕ್ಕೆ ಸಹಿ ಹಾಕಿದವರಲ್ಲಿ ಇಬ್ಬರಾದರೂ ಬಂದು ಅಳತೆಯ ಕಾಗದಕ್ಕೂ ಸಹಿ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ತಲೆಗೆ ಹೆಲ್ಮೆಟ್ ಸಮಿತಿಯೇ ಕೊಡುತ್ತದೆ.