ಕಾಲ್ ಕಟ್ಟಾಗೋದಕ್ಕೆ ಇನ್ನೊಂದು ನೋಡ್ ಮದ್ದಲ್ಲ (ಭಾಗ 2)

ಜಗಲಿಯಿಂದ ಹಿತ್ತಿಲಿಗೆ ನಡೆದ್ರೆ ವಾಟ್ಸಾಪ್ ಕಾಲ್ ಕಟ್ಟಾಗುತ್ತಾ? "ಇನ್ನೊಂದು ಮೆಶ್ ನೋಡ್ ಹಾಕ್ಸಿ" ಅಂತಾರೆ. ಆಗಲೇ ಕಾಸು ಬಿಚ್ಚಬೇಡ್ರಪ್ಪಾ! ಯಾವ ನೋಡ್ ಹಿಡೀಬೇಕು ಅಂತ ಕೊನೆಗೆ ತೀರ್ಮಾನ ಮಾಡೋದು ನಿಮ್ಮ ಫೋನು.

ವೈದ್ಯನಾಥಪುರದ ನಮ್ಮನೇಲಿ ಹೀಗೆ ಪರೀಕ್ಷೆ ಮಾಡಿದ್ವಿ. ಜಗಲಿಯಿಂದ ನಡ್ಕೊಂಡು ಹಿತ್ತಿಲಿಗೆ ಹೋದಾಗ ವೈಫೈ ಅನಲೈಸರ್ ಆಪ್ -79 dBm ತೋರಿಸ್ತು. ಅಲ್ಲೇ ನಿಂತು ವೈಫೈ ಆಫ್ ಮಾಡಿ ಆನ್ ಮಾಡಿದ್ರೆ -54! ಸೊನ್ನೆಗೆ ಹತ್ತಿರ ಇದ್ದಷ್ಟೂ ಸಿಗ್ನಲ್ ಜೋರು. ಅಂದ್ರೆ ಹಿತ್ತಿಲ ನೋಡ್ ಚೆನ್ನಾಗೇ ಇತ್ತು. ಫೋನು ಜಗಲಿಯದಕ್ಕೇ ಜೋತುಬಿದ್ದಿತ್ತು.

ಸೆಟ್ಟಿಂಗ್ಸಲ್ಲಿದ್ರೆ ನೋಡ್‌ಗಳ ಟ್ರಾನ್ಸ್‌ಮಿಟ್ ಪವರ್ High ನಿಂದ Medium ಗೆ ಇಳಿಸಿ. ದೂರದ ಸಿಗ್ನಲ್ ಬೇಗ ಸೊರಗಿದ್ರೆ ಫೋನು ಹತ್ತಿರದ್ದನ್ನ ಬೇಗ ಹುಡುಕುತ್ತೆ. ಆಫ್-ಆನ್ ಮಾಡಿದ್ಮೇಲೂ ಸಿಗ್ನಲ್ ಕಮ್ಮಿನೇ ಇದ್ರೆ ಮಾತ್ರ ಹೊಸ ನೋಡಿನ ಮಾತು.