ಹೊಸ್ತಿಲಲ್ಲೇ ತಿರಸ್ಕೃತವಾಗುವ ದಾವೆ



ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆಯಬೇಕು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಸಾಕ್ಷಿ ವಿಚಾರಣೆಯೇ ನಡೆಯದೆ, ಆರಂಭದಲ್ಲೇ ದಾವೆ ತಿರಸ್ಕೃತವಾಗುವುದೂ ಉಂಟು. ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 11ನೇ ನಿಯಮ ನ್ಯಾಯಾಲಯಕ್ಕೆ ಈ ಅಧಿಕಾರ ಕೊಟ್ಟಿದೆ. ತವರಿನ ಪಾಲು ಕೇಳಿ ದಾವೆ ಹೂಡುವ ಹೆಣ್ಣುಮಕ್ಕಳು ಈ ನಿಯಮವನ್ನು ತಿಳಿದಿರುವುದು ಒಳ್ಳೆಯದು. ಏಕೆಂದರೆ ಸಹೋದರರ ಪರ ವಕೀಲರು ಮೊದಲು ಕೈಹಾಕುವ ಅಸ್ತ್ರಗಳಲ್ಲಿ ಇದೂ ಒಂದು.

ಮಳವಳ್ಳಿಯ ಸಮೀಪದ ಹಳ್ಳಿಯೊಂದರ ಕುಟುಂಬವನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ಅಬ್ಬಾನ ಹೆಸರಿನಲ್ಲಿ 4 ಎಕರೆ ನಾಲೆ ಬಯಲಿನ ಜಮೀನಿದೆ. ಅವರು 2011ರಲ್ಲಿ ತೀರಿಕೊಂಡರು. ಅಮ್ಮಿ, ಇಬ್ಬರು ಗಂಡುಮಕ್ಕಳು, ಮದ್ದೂರಿಗೆ ಮದುವೆಯಾಗಿ ಹೋದ ಒಬ್ಬಳು ಮಗಳು ಉಳಿದರು. ಕುರ್‌ಆನಿನ ಅನ್ನಿಸಾ ಅಧ್ಯಾಯ ನಿಗದಿಪಡಿಸಿದಂತೆ ಅಮ್ಮಿಗೆ ಎಂಟನೇ ಒಂದು ಪಾಲು. ಉಳಿದುದರಲ್ಲಿ ಗಂಡುಮಗನಿಗೆ ಎರಡು ಭಾಗವಾದರೆ ಮಗಳಿಗೆ ಒಂದು ಭಾಗ. 4 ಎಕರೆ ಎಂದರೆ 160 ಗುಂಟೆ. ಅದರಲ್ಲಿ ಅಮ್ಮಿಗೆ 20 ಗುಂಟೆ, ಗಂಡುಮಕ್ಕಳಿಗೆ ತಲಾ 56 ಗುಂಟೆ, ಮಗಳಿಗೆ 28 ಗುಂಟೆ. ಅಬ್ಬಾ ಕಣ್ಣುಮುಚ್ಚಿದ ಗಳಿಗೆಯಲ್ಲೇ ಈ 28 ಗುಂಟೆ ಅವಳದಾಯಿತು. ಪಹಣಿಯಲ್ಲಿ ಅವಳ ಹೆಸರು ಬಂದಿಲ್ಲ ಎಂಬ ಮಾತ್ರಕ್ಕೆ ಆ ಹಕ್ಕು ಇಲ್ಲವಾಗುವುದಿಲ್ಲ.

2012ರಲ್ಲಿ ಭಾಯಿ ಅವಳನ್ನು ಉಪನೋಂದಣಿ ಕಚೇರಿಗೆ ಕರೆದುಕೊಂಡು ಹೋಗಿ ಒಂದು ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಅದು ಹಕ್ಕು ಬಿಡುಗಡೆ ಪತ್ರ. 2024ರಲ್ಲಿ ಜಮೀನಿನ ಒಂದು ಭಾಗ ಮಾರಾಟವಾದಾಗ ಅವಳು ವಕೀಲರ ಬಳಿ ಹೋಗಿ ಪಾಲಿನ ದಾವೆ ಹೂಡಿದಳು. ನೋಟೀಸು ತಲುಪಿದ ಕೂಡಲೇ ಸಹೋದರರು ಒಂದು ಮಧ್ಯಂತರ ಅರ್ಜಿ ಹಾಕಿದರು: "ಈ ದಾವೆಗೆ ಕಾರಣವೇ ಇಲ್ಲ, ಕಾಲಮಿತಿಯೂ ಮೀರಿದೆ, ಆದ್ದರಿಂದ ವಾದಪತ್ರವನ್ನು ತಿರಸ್ಕರಿಸಬೇಕು." ಈಗ ನ್ಯಾಯಾಧೀಶರು ಏನು ನೋಡುತ್ತಾರೆ?

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಈ ಅರ್ಜಿಯನ್ನು ತೀರ್ಮಾನಿಸುವಾಗ ನ್ಯಾಯಾಧೀಶರು ನೋಡುವುದು ವಾದಪತ್ರವನ್ನು ಮತ್ತು ಅದರೊಂದಿಗೆ ಹಾಜರುಪಡಿಸಿದ ದಾಖಲೆಗಳನ್ನು ಮಾತ್ರ. ಪ್ರತಿವಾದಿಗಳು ತಮ್ಮ ಉತ್ತರದಲ್ಲಿ ಏನು ಹೇಳಿಕೊಂಡಿದ್ದಾರೆ, ಅವರ ಬಳಿ ಯಾವ ರಶೀದಿಯಿದೆ ಎಂಬುದನ್ನು ಆ ಹಂತದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ವಾದಪತ್ರದಲ್ಲಿ ಬರೆದದ್ದೆಲ್ಲ ನಿಜವೆಂದೇ ಇಟ್ಟುಕೊಂಡು, ಅಷ್ಟಾದರೂ ಕಾನೂನು ಇವಳಿಗೆ ಪರಿಹಾರ ಕೊಡಲು ಸಾಧ್ಯವೇ ಎಂದು ಕೇಳಬೇಕು. ಹಾಗಾಗಿ ಈ ಹಂತದಲ್ಲಿ ನಿಮ್ಮನ್ನು ಉಳಿಸುವುದೂ ಕೆಡಿಸುವುದೂ ನಿಮ್ಮದೇ ವಾದಪತ್ರ.

ಈಗ ಆ ತಂಗಿಯ ವಾದಪತ್ರವನ್ನು ಎರಡು ರೀತಿಯಲ್ಲಿ ಓದಿ ನೋಡೋಣ.

ಮೊದಲನೆಯದರಲ್ಲಿ ಹೀಗಿದೆ ಎನ್ನಿ: "2012ರಲ್ಲಿ ನಾನು ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟೆ. ಅದಕ್ಕೆ ಪ್ರತಿಯಾಗಿ ಹಣ ಕೊಡುವುದಾಗಿ ಹೇಳಿದ್ದರು, ಇದುವರೆಗೂ ಕೊಟ್ಟಿಲ್ಲ. ಆದ್ದರಿಂದ ಪಾಲು ಕೊಡಿಸಬೇಕು." ಇದನ್ನು ಓದಿದ ನ್ಯಾಯಾಧೀಶರಿಗೆ ಎರಡು ತೊಡಕು ಎದುರಾಗುತ್ತವೆ. ಪತ್ರ ಬರೆದುಕೊಟ್ಟದ್ದು ತಿಳಿದೇ ಎಂದು ಅವಳೇ ಒಪ್ಪಿದ್ದಾಳೆ. ಪತ್ರವೊಂದನ್ನು ರದ್ದುಪಡಿಸಲು ಕಾಲಮಿತಿ ಕಾಯ್ದೆಯ 59ನೇ ವಿಧಿ ಕೊಡುವ ಅವಧಿ, ರದ್ದತಿಗೆ ಕಾರಣವಾದ ಸಂಗತಿ ಮೊದಲು ತಿಳಿದಂದಿನಿಂದ 3 ವರ್ಷ. ಆ ಅವಧಿ ಎಂದೋ ಮುಗಿದಿದೆ. ಸಾಲದ್ದಕ್ಕೆ ಪತ್ರವನ್ನು ರದ್ದುಪಡಿಸಿ ಎಂಬ ಕೋರಿಕೆಯೂ ದಾವೆಯಲ್ಲಿಲ್ಲ. ಇಂಥ ವಾದಪತ್ರ ಹೊಸ್ತಿಲು ದಾಟುವುದು ಕಷ್ಟ.

ಸುಪ್ರೀಂ ಕೋರ್ಟು 2020ರ ಜುಲೈಯಲ್ಲಿ ದಾಹಿಬೆನ್ ಎಂಬ ಗುಜರಾತಿನ ಮಹಿಳೆಯ ಪ್ರಕರಣದಲ್ಲಿ ಇದನ್ನೇ ಹೋಲುವ ಪ್ರಶ್ನೆಯನ್ನು ತೀರ್ಮಾನಿಸಿತು. 2009ರಲ್ಲಿ ನೋಂದಾಯಿತ ಕ್ರಯಪತ್ರದ ಮೂಲಕ ಜಮೀನು ಮಾರಿದವರು, ಒಪ್ಪಿದ 1 ಕೋಟಿ 74 ಲಕ್ಷಕ್ಕೂ ಮಿಕ್ಕಿದ ಬೆಲೆಯಲ್ಲಿ ತಮಗೆ ಬಂದದ್ದು 40 ಸಾವಿರ ರೂಪಾಯಿ ಮಾತ್ರ ಎಂದು 2014ರಲ್ಲಿ ದಾವೆ ಹೂಡಿ, ಕ್ರಯಪತ್ರದ ರದ್ದತಿ ಕೋರಿದ್ದರು. ಬಾಕಿ ಹಣ ಬರಲಿಲ್ಲ ಎಂಬುದು ಹಣ ವಸೂಲಿಗೆ ಕಾರಣವಾಗಬಹುದೇ ಹೊರತು ಕ್ರಯವನ್ನೇ ರದ್ದುಪಡಿಸಲು ಕಾರಣವಲ್ಲ, ದಾವೆ 3 ವರ್ಷದ ಮಿತಿಯನ್ನೂ ಮೀರಿದೆ ಎಂದು ಹೇಳಿ, ವಾದಪತ್ರದ ತಿರಸ್ಕಾರವನ್ನು ಕೋರ್ಟು ಎತ್ತಿಹಿಡಿಯಿತು. "ಹಣ ಆಮೇಲೆ ಕೊಡುತ್ತೇವೆ" ಎಂಬ ಮಾತು ನಂಬಿ ಸಹಿ ಹಾಕುವ ಪ್ರತಿಯೊಬ್ಬ ಸಹೋದರಿಯೂ ನೆನಪಿಡಬೇಕಾದ ತೀರ್ಪು ಇದು.

ಎರಡನೆಯ ವಾದಪತ್ರದಲ್ಲಿ ಹೀಗಿದೆ ಎನ್ನಿ: "ಖಾತೆ ಬದಲಾವಣೆಯ ಕಾಗದ ಎಂದು ಹೇಳಿ ನನ್ನಿಂದ ಸಹಿ ಪಡೆದರು. ಪತ್ರವನ್ನು ನನಗೆ ಓದಿ ಹೇಳಲಿಲ್ಲ. ಆ ಬಳಿಕವೂ ಪ್ರತಿವರ್ಷ ಬೆಳೆಯಲ್ಲಿ ನನ್ನ ಭಾಗವನ್ನು ಕೊಡುತ್ತಿದ್ದರು. 2024ರಲ್ಲಿ ಮಾರಾಟದ ಸುದ್ದಿ ಕೇಳಿ ದೃಢೀಕೃತ ನಕಲು ತೆಗೆಸಿದಾಗಲೇ ಅದು ಹಕ್ಕು ಬಿಡುಗಡೆ ಪತ್ರವೆಂದು ತಿಳಿಯಿತು. ಆ ಪತ್ರವನ್ನು ರದ್ದುಪಡಿಸಿ ನನ್ನ ಪಾಲು ಕೊಡಿಸಬೇಕು." ಇಲ್ಲಿ ಕಾಲಮಿತಿ 2024ರಿಂದ ಎಣಿಕೆಯಾಗಬೇಕೆಂದು ಅವಳು ಹೇಳುತ್ತಿದ್ದಾಳೆ. ಅವಳಿಗೆ ನಿಜವಾಗಿ ತಿಳಿದದ್ದು ಯಾವಾಗ ಎಂಬುದು ಸಾಕ್ಷ್ಯದಿಂದ ತೀರ್ಮಾನವಾಗಬೇಕಾದ ಪ್ರಶ್ನೆ. ಆದ್ದರಿಂದ ದಾವೆ ಸಾಮಾನ್ಯವಾಗಿ ವಿಚಾರಣೆಗೆ ಮುಂದುವರಿಯುತ್ತದೆ. ಹಾಗೆಂದು ಅವಳು ಗೆದ್ದಳು ಎಂದಲ್ಲ. ನೋಂದಾಯಿತ ಪತ್ರದ ವಿಷಯ ಸಹಿ ಹಾಕಿದವಳಿಗೆ ತಿಳಿದಿರಲಿಲ್ಲ ಎಂಬುದನ್ನು ಪಾಟೀಸವಾಲಿನಲ್ಲಿ ಅವಳು ನಿಭಾಯಿಸಬೇಕಾಗುತ್ತದೆ. ಆದರೆ ಅವಳ ಮಾತನ್ನು ಕೇಳಿಸಿಕೊಳ್ಳಲು ಬಾಗಿಲು ತೆರೆದಿರುತ್ತದೆ.

ಹಾಗಾದರೆ ಎರಡನೆಯ ರೀತಿಯಲ್ಲಿ ಬರೆಸಿಬಿಟ್ಟರಾಯಿತಲ್ಲ ಎಂದು ಯಾರಾದರೂ ಸಲಹೆ ಕೊಟ್ಟಾರು. ಸಂಗತಿ ನಿಜವಾಗಿದ್ದರೆ ಮಾತ್ರ ಹಾಗೆ ಬರೆಸಿ. ವಾದಪತ್ರದ ಕೊನೆಯಲ್ಲಿ "ಇದರಲ್ಲಿರುವುದು ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ" ಎಂದು ಸಹಿ ಹಾಕುವವರು ನೀವು. ಪ್ರಮಾಣ ಪತ್ರ ಕೊಡುವವರೂ ನೀವೇ. ಅಲ್ಲದೆ ಜಾಣತನದ ಬರವಣಿಗೆಯನ್ನು ನ್ಯಾಯಾಲಯಗಳು ಬಹಳ ಹಿಂದೆಯೇ ಗುರುತಿಸಿವೆ.

ಈ ವಿಷಯದಲ್ಲಿ ದೇಶದಾದ್ಯಂತ ಇಂದಿಗೂ ಉಲ್ಲೇಖವಾಗುವ ತೀರ್ಪು ನಮ್ಮ ಬೆಂಗಳೂರಿನ ಒಂದು ಬಾಡಿಗೆ ಜಗಳದಿಂದ ಬಂದದ್ದು. ತಂದೆ ಬಾಡಿಗೆದಾರ. ಅವರನ್ನು ತೆರವುಗೊಳಿಸುವ ಆದೇಶ ಹೈಕೋರ್ಟಿನವರೆಗೂ ಹೋಗಿ ಖಾಯಂ ಆಯಿತು, ಖಾಲಿ ಮಾಡಲು ಕಾಲಾವಕಾಶವೂ ಸಿಕ್ಕಿತು. ಆಗ ಮಗ ಅರಿವಂದಂದಂ, ಆ ಆದೇಶವನ್ನು ಮೋಸದಿಂದ ಪಡೆಯಲಾಗಿದೆ ಎಂದು ಮುನ್ಸೀಫ್ ಕೋರ್ಟಿನಲ್ಲಿ ಹೊಸ ದಾವೆ ಹೂಡಿದ. ಅದನ್ನು ಹಿಂತೆಗೆದುಕೊಳ್ಳಬೇಕೆಂಬ ಮಾತಿನ ಮೇಲೆ ಮತ್ತೆ ಐದು ತಿಂಗಳು ಸಿಕ್ಕಿತು. ಅದು ಮುಗಿದ ಮೇಲೆ ಅದೇ ವಾದಪತ್ರದ ಪಡಿಯಚ್ಚಿನಂಥ ಇನ್ನೊಂದು ದಾವೆ ಮತ್ತೊಬ್ಬ ಮುನ್ಸೀಫರ ಮುಂದೆ ಬಂತು. 1977ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಖಂಡಿಸಿದರು. ವಾದಪತ್ರವನ್ನು ಕೇವಲ ಮೇಲ್ನೋಟಕ್ಕೆ ಓದದೆ ಅರ್ಥ ಹಿಡಿದು ಓದಬೇಕು, ದಾವೆಗೆ ಕಾರಣವಿದೆ ಎಂಬ ಭ್ರಮೆಯನ್ನಷ್ಟೇ ಪದಗಳು ಹುಟ್ಟಿಸಿದ್ದರೆ ಮೊದಲ ದಿನವೇ ಪಕ್ಷಗಾರನನ್ನು ಪ್ರಶ್ನಿಸಿ ದಾವೆಯನ್ನು ಚಿವುಟಿಹಾಕಬೇಕು ಎಂಬುದು ಅವರ ನಿರ್ದೇಶನದ ಸಾರ. ಹೊಸ್ತಿಲಲ್ಲಿ ತಡೆಯುವ ಈ ನಿಯಮ ಇರುವುದು ಇಂಥ ದಾವೆಗಳಿಗಾಗಿ. ನಿಜವಾದ ಪಾಲು ಕೇಳುವವಳನ್ನು ಓಡಿಸಲು ಅಲ್ಲ.

ಮುಸ್ಲಿಮ್ ಕುಟುಂಬಗಳಲ್ಲಿ ಮತ್ತೊಂದು ತಪ್ಪು ಆಗುವುದುಂಟು. ಅಬ್ಬಾ ಬದುಕಿರುವಾಗಲೇ ಭಾಯಿಯಂದಿರು ಜಮೀನು ಬರೆಸಿಕೊಂಡುಬಿಟ್ಟಾರು ಎಂಬ ಆತಂಕದಿಂದ ಮಗಳು ಪಾಲಿನ ದಾವೆ ಹೂಡುತ್ತಾಳೆ. ವಕೀಲರ ಗುಮಾಸ್ತರು ಹಳೆಯ ದಾವೆಯೊಂದರ ನಮೂನೆಯಿಂದ "ಅವಿಭಕ್ತ ಕುಟುಂಬ, ಪಿತ್ರಾರ್ಜಿತ ಆಸ್ತಿ, ಹುಟ್ಟಿನಿಂದ ಬಂದ ಹಕ್ಕು" ಎಂಬ ಪದಗಳನ್ನು ಹಾಗೆಯೇ ಇಳಿಸುತ್ತಾರೆ. ನಮ್ಮ ವೈಯಕ್ತಿಕ ಕಾನೂನಿನಲ್ಲಿ ಹುಟ್ಟಿನಿಂದ ಹಕ್ಕು ಎಂಬುದಿಲ್ಲ. ತಂದೆ ಬದುಕಿರುವವರೆಗೆ ಆಸ್ತಿ ಅವರದು, ಮಕ್ಕಳಿಗಿರುವುದು ಮುಂದೆ ಸಿಕ್ಕೀತು ಎಂಬ ನಿರೀಕ್ಷೆ ಮಾತ್ರ. ನಿರೀಕ್ಷೆಯ ಮೇಲೆ ದಾವೆ ನಿಲ್ಲುವುದಿಲ್ಲ. ದಾವೆಗೆ ಕಾರಣವಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಆದ್ದರಿಂದ ವಾದಪತ್ರದಲ್ಲಿ ಯಾರು ತೀರಿಕೊಂಡರು, ಯಾವ ದಿನ, ವಾರಸುದಾರರು ಯಾರು ಯಾರು, ಆಸ್ತಿ ಅವರಿಗೆ ಹೇಗೆ ಬಂತು, ನಿಮ್ಮ ಪಾಲೆಷ್ಟು, ಪಾಲು ಕೇಳಿದಾಗ ಯಾವಾಗ ನಿರಾಕರಿಸಿದರು ಎಂಬುದು ಇರಲೇಬೇಕು.

ಇನ್ನು ಸಹೋದರರು, "ಮಾರಾಟವಾದ ಜಮೀನಿನ ಮಟ್ಟಿಗಾದರೂ ವಾದಪತ್ರ ತಿರಸ್ಕರಿಸಿ" ಎಂದು ಕೇಳಬಹುದು. ಅದು ಸಾಧ್ಯವಿಲ್ಲ. ಕರ್ನಾಟಕದಿಂದಲೇ ಹೋದ ಕುಮಾರಿ ಗೀತಾ ಅವರ ಪಾಲಿನ ದಾವೆಯಲ್ಲಿ, ವಾದಪತ್ರವನ್ನು ತುಂಡು ಮಾಡಿ ಭಾಗಶಃ ತಿರಸ್ಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಹಾಗೆಯೇ ನ್ಯಾಯಾಲಯ ಶುಲ್ಕ ಕಡಿಮೆ ಕಟ್ಟಿದ್ದೀರಿ ಎಂದು ಕಂಡುಬಂದರೂ ಕೂಡಲೇ ತಿರಸ್ಕರಿಸುವುದಿಲ್ಲ. ಕೊರತೆ ತುಂಬಲು ಮೊದಲು ಗಡುವು ಕೊಡಬೇಕು. ಆ ಗಡುವನ್ನು ತಪ್ಪಿಸಿಕೊಂಡರೆ ಮಾತ್ರ ಅಪಾಯ. ಹಾಗಾಗಿ ಯಾವ ದಿನಾಂಕದೊಳಗೆ ಎಷ್ಟು ಕಟ್ಟಬೇಕು ಎಂದು ವಕೀಲರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಒಂದು ವೇಳೆ ವಾದಪತ್ರ ತಿರಸ್ಕೃತವಾಗಿಯೇ ಬಿಟ್ಟರೆ? ಆ ಆದೇಶಕ್ಕೆ ಡಿಕ್ರಿಯ ಸ್ಥಾನವಿದೆ. ಆದ್ದರಿಂದ ಅದರ ಮೇಲೆ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿ ಹೈಕೋರ್ಟಿಗಾದರೆ 90 ದಿನ, ಬೇರೆ ನ್ಯಾಯಾಲಯಕ್ಕಾದರೆ 30 ದಿನ ಮಾತ್ರ. ಆದೇಶದ ನಕಲಿಗೆ ಬೇಗನೆ ಅರ್ಜಿ ಹಾಕಿ. ನಕಲು ತಯಾರಾಗಲು ಹಿಡಿದ ದಿನಗಳನ್ನು ಈ ಲೆಕ್ಕದಿಂದ ಬಿಡಲಾಗುತ್ತದೆ. ಇನ್ನೊಂದು ದಾರಿಯೂ ಇದೆ. ಇದೇ 7ನೇ ಆದೇಶದ 13ನೇ ನಿಯಮದಂತೆ, ಲೋಪ ಸರಿಪಡಿಸಿ ಅದೇ ಕಾರಣಕ್ಕೆ ಹೊಸ ವಾದಪತ್ರ ಸಲ್ಲಿಸಲು ಅಡ್ಡಿಯಿಲ್ಲ. ವಿಚಾರಣೆ ಮುಗಿದು ವಜಾ ಆದ ದಾವೆಗೆ ಈ ಅವಕಾಶ ಇರುವುದಿಲ್ಲ. ಆದರೆ ಅಷ್ಟರಲ್ಲಿ ಕಾಲಮಿತಿ ಮುಗಿದಿರಬಾರದು. ಸಂಗತಿಯನ್ನು ಬರೆಯಲು ಬಿಟ್ಟುಹೋಗಿದ್ದರಿಂದ ತಿರಸ್ಕೃತವಾದ ದಾವೆಗೆ ಹೊಸ ವಾದಪತ್ರ ಪ್ರಯೋಜನಕ್ಕೆ ಬರುತ್ತದೆ. ಕಾಲಮಿತಿಯೇ ಮೀರಿ ತಿರಸ್ಕೃತವಾದದ್ದಕ್ಕೆ ಹೊಸ ಕಾಗದದಿಂದ ಪ್ರಯೋಜನವಿಲ್ಲ. ಅಲ್ಲಿ ಉಳಿಯುವುದು ಮೇಲ್ಮನವಿಯೊಂದೇ.

ಆದ್ದರಿಂದ ಸಹೋದರಿಯರೇ, ವಕೀಲರ ಬಳಿ ಹೋಗುವ ಮುನ್ನ ಪಹಣಿ, ಋಣಭಾರ ಪತ್ರ, ತಂದೆಯ ಮರಣ ಪ್ರಮಾಣ ಪತ್ರ, ನೀವು ಎಂದಾದರೂ ಸಹಿ ಹಾಕಿದ ಪತ್ರಗಳ ದೃಢೀಕೃತ ನಕಲು ತೆಗೆಸಿಕೊಳ್ಳಿ. ಸಹಿ ಹಾಕಿದ ವಿಷಯವನ್ನು ನಾಚಿಕೆಯಿಂದಲೋ ಭಯದಿಂದಲೋ ವಕೀಲರಿಂದ ಮುಚ್ಚಿಡಬೇಡಿ. ವಾದಪತ್ರ ಸಿದ್ಧವಾದ ಮೇಲೆ ಅದನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಪೂರ್ತಿ ಓದಿಸಿ ಕೇಳಿ. ದಾವೆಗೆ ಕಾರಣ ಹುಟ್ಟಿದ್ದು ಯಾವ ದಿನ ಎಂದು ಹೇಳುವ ಒಂದು ಪ್ಯಾರಾ ಕೊನೆಯ ಕಡೆಯಲ್ಲಿರುತ್ತದೆ. ಅಲ್ಲಿರುವ ದಿನಾಂಕವನ್ನು ಎರಡು ಸಲ ಓದಿಸಿ, ಅದು ನಿಜವೆಂದು ಮನಸ್ಸಿಗೆ ಖಚಿತವಾದ ಮೇಲೆಯೇ ಸಹಿ ಹಾಕಿ. 2012ರಲ್ಲಿ ಆ ತಂಗಿ ಓದಿಸಿ ಕೇಳದೆ ಹಾಕಿದ ಸಹಿಯಿಂದಲೇ ಅಲ್ಲವೇ ಇಷ್ಟೆಲ್ಲ ತೊಂದರೆ ಆರಂಭವಾದದ್ದು?