‘ಪ್ರೀತಿಯ ಏಕವಚನ’ ಎಂಬ ನೆಪ

ನಮ್ಮ ಮನೆಗೆ ಇಪ್ಪತ್ತು ವರ್ಷದಿಂದ ಕೆಲಸಕ್ಕೆ ಬರುವ ಹೆಂಗಸಿಗೆ ಈಗ ಅರವತ್ತು ದಾಟಿದೆ. ಹೋದ ವರ್ಷ ಒಂದು ಬೆಳಗ್ಗೆ ಮಗನನ್ನೂ ಕರೆದುಕೊಂಡು ಬಂದರು. ಮಗನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತ್ತು, ಕೈಯಲ್ಲಿ ಸಿಹಿಯ ಡಬ್ಬಿ ಇತ್ತು. ನಾನು ಬಾಗಿಲು ತೆರೆದವನೇ “ಓಹೋ, ಬನ್ನಿ ಬನ್ನಿ, ಕೂತ್ಕೊಳ್ಳಿ” ಎಂದೆ. ಆಮೇಲೆ ಪಕ್ಕಕ್ಕೆ ತಿರುಗಿ “ಏನಮ್ಮಾ, ಮೊದಲೇ ಹೇಳೋದಲ್ವಾ? ನೀನೂ ಕೂತ್ಕೋ” ಎಂದೆ. ಇಪ್ಪತ್ತಾರರ ಹುಡುಗನಿಗೆ ಬಹುವಚನ, ಹೆತ್ತ ತಾಯಿಗೆ ಏಕವಚನ, ಅದೂ ಒಂದೇ ಉಸಿರಿನಲ್ಲಿ. ಮಗ ಒಮ್ಮೆ ತಾಯಿಯ ಮುಖ ನೋಡಿ ತಲೆ ತಗ್ಗಿಸಿದರು. ತಾಯಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ನನಗೆ ಅನ್ನಿಸಿದ್ದು ಅವರು ಹೋದ ಮೇಲೆ.

ಬೆಂಗಳೂರಿಗೆ ಹೊಸದಾಗಿ ಬಂದವರಿಗೆ ಕನ್ನಡ ಕಲಿಸುವಾಗ ನಾವು ಮೊದಲ ದಿನವೇ ಒಂದು ನಿಯಮ ಹೇಳಿಕೊಡುತ್ತೇವೆ: ಹಿರಿಯರಿಗೆ, ಅಪರಿಚಿತರಿಗೆ ‘ನೀವು’, ಗೆಳೆಯರಿಗೆ, ಮಕ್ಕಳಿಗೆ ‘ನೀನು’. ಇದು ನಾವು ಹೊರಗಿನವರಿಗೆ ಹೇಳುವ ಸುಳ್ಳು. ಪಾಠ ಕಲಿತವರು ಬೀದಿಗಿಳಿದು ನೋಡಿದರೆ, ಕಸ ಗುಡಿಸುವ ಅಜ್ಜಿ ಹಿರಿಯರೂ ಹೌದು, ಅಪರಿಚಿತರೂ ಹೌದು, ಆದರೂ ಕೇಳಿಸುವುದು “ಏ, ಇಲ್ಲಿ ಬಾ”. ನಿಯಮ ನಿಜವಾಗಿ ವಯಸ್ಸಿನದ್ದಾಗಿದ್ದರೆ ಆ ಬೆಳಗ್ಗೆ ನನ್ನ ಬಾಯಿಂದ ತಾಯಿಗೆ ‘ಬನ್ನಿ’ ಬರಬೇಕಿತ್ತು, ಮಗನಿಗೆ ‘ಬಾ’ ಬಂದರೂ ನಡೆಯುತ್ತಿತ್ತು. ನನ್ನ ನಾಲಿಗೆ ವಯಸ್ಸು ಎಣಿಸಲಿಲ್ಲ. ಕೊರಳಲ್ಲಿದ್ದ ಬ್ಯಾಂಕಿನ ಐಡಿ ಕಾರ್ಡು ನೋಡಿತು, ಇನ್ನೊಂದು ಕೈಯಲ್ಲಿದ್ದ ಪೊರಕೆ ನೋಡಿತು.

ಕನ್ನಡದಲ್ಲಿ ಸರ್ವನಾಮ ಬಿಟ್ಟರೂ ತಪ್ಪಿಸಿಕೊಳ್ಳಲಾಗದು. ‘ನೀನು’, ‘ನೀವು’ ಎರಡನ್ನೂ ಬಾಯಿಗೆ ತರದೆ “ಹೇಗಿದ್ದೀಯಾ” ಎಂದರೆ ಸಾಕು, ಕ್ರಿಯಾಪದದ ಬಾಲವೇ ಎದುರಿನವರನ್ನು ಎಲ್ಲಿ ಕೂರಿಸಿದ್ದೇವೆ ಎಂದು ಹೇಳಿಬಿಡುತ್ತದೆ. ‘ಅಮ್ಮಾ’, ‘ಅಜ್ಜಾ’, ‘ಯಜಮಾನ’ ಎಂಬ ಸಂಬೋಧನೆಗಳನ್ನು ನಂಬಬೇಡಿ, ಬಾಲ ನೋಡಿ. “ಏನಮ್ಮಾ, ಯಾಕೆ ತಡ ಮಾಡ್ದೆ?” ಎನ್ನುವಾಗ ‘ಅಮ್ಮಾ’ ಎಂಬುದು ಬರೀ ಅಲಂಕಾರ.

ತಪ್ಪಿಸಿಕೊಳ್ಳುವ ಒಂದೆರಡು ಕಳ್ಳದಾರಿಗಳಿವೆ, ಅವು ನಮಗೆಲ್ಲ ಗೊತ್ತು. “ಊಟ ಆಯ್ತಾ?” ಎಂಬಲ್ಲಿ ಆಗುವುದು ಊಟ, ಆದ್ದರಿಂದ ಎದುರಿನವರ ದರ್ಜೆ ಹೇಳಬೇಕಿಲ್ಲ. “ಕಾಫಿ ಬೇಕಾ?” ಕೂಡ ಹಾಗೇ. ಇನ್ನೂ ಚೆಂದದ್ದು “ಯಾವಾಗ ಬಂದಿದ್ದು?” ಬಂದೆಯಾ ಅಲ್ಲ, ಬಂದಿರಾ ಅಲ್ಲ, ಬಂದಿದ್ದು. ಶಾಲೆಯಲ್ಲಿ ‘ಲೋ’ ಎಂದು ಕರೆದಿದ್ದ ಗೆಳೆಯ ತಹಶೀಲ್ದಾರನಾಗಿ ಮದುವೆ ಮನೆಯಲ್ಲಿ ಎದುರಾದಾಗ, ವಯಸ್ಸಿನಲ್ಲಿ ಚಿಕ್ಕವನಾದ ಭಾವನನ್ನು ಮಾತಾಡಿಸಬೇಕಾದಾಗ, ನಾವು ಹೊರತೆಗೆಯುವುದು ಇದನ್ನೇ. ಎರಡು ನಿಮಿಷ ಹೀಗೇ ತೇಲಿಸಿ, ಎದುರಿನವರು ಯಾವ ವಚನ ಹಿಡಿಯುತ್ತಾರೆ ಎಂದು ಕಾದು, ನಾವೂ ಅದನ್ನು ಹಿಡಿಯುತ್ತೇವೆ. ಅಂದರೆ ಬೇಕೆಂದಾಗ ನಾವು ಎಷ್ಟು ಸೂಕ್ಷ್ಮವಾಗಿ ಯೋಚಿಸಬಲ್ಲೆವು ನೋಡಿ. ಮನೆಕೆಲಸದವರ ಎದುರು, ಸೆಕ್ಯುರಿಟಿಯವರ ಎದುರು, ಆಟೋ ಚಾಲಕರ ಎದುರು ಈ ತೊಳಲಾಟ ಒಂದು ಕ್ಷಣವೂ ನಮಗೆ ಬರುವುದಿಲ್ಲ. ಅಲ್ಲಿ ತೀರ್ಮಾನ ಮೊದಲೇ ಆಗಿಹೋಗಿರುತ್ತದೆ.

ಇಷ್ಟು ಹೇಳಿದರೆ ಬರುವ ಉತ್ತರ ಒಂದೇ: “ಅಯ್ಯೋ, ಅದು ಪ್ರೀತಿ ಕಣ್ರೀ. ಮನೆಯವರ ಥರ. ದೇವರಿಗೆ, ತಾಯಿಗೆ ನೀನು ಅನ್ನಲ್ವಾ?” ಅನ್ನುತ್ತೇವೆ. ಆದರೆ ತಾಯಿಗೆ ‘ನೀನು’ ಎಂದರೆ ತಾಯಿಯೂ ‘ನೀನು’ ಎನ್ನುತ್ತಾಳೆ. 1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬಿಬ್ಬರು ಯೂರೋಪಿನ ಭಾಷೆಗಳ ಇಂಥ ಸರ್ವನಾಮಗಳ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಹೇಳಿದ್ದೂ ಇದನ್ನೇ: ಇಬ್ಬರೂ ಒಂದೇ ರೂಪ ಬಳಸಿದರೆ ಅದು ಸಲಿಗೆ ಅಥವಾ ಪರಸ್ಪರ ಗೌರವ, ಒಬ್ಬರು ಒಂದು ಇನ್ನೊಬ್ಬರು ಒಂದು ಬಳಸಿದರೆ ಅದು ಅಧಿಕಾರ. ಹಾಗಾಗಿ ಪ್ರೀತಿಯೋ ಅಲ್ಲವೋ ಎಂದು ತಿಳಿಯಲು ಎದೆ ಮುಟ್ಟಿ ನೋಡಿಕೊಳ್ಳಬೇಕಿಲ್ಲ. ನಾಳೆ ಬೆಳಗ್ಗೆ ಆಕೆ ಒಳಗೆ ಬಂದು “ಏನಪ್ಪಾ, ಇನ್ನೂ ಎದ್ದಿಲ್ವಾ ನೀನು?” ಎಂದರೆ ನಿಮಗೆ ಏನನ್ನಿಸುತ್ತದೆ? ನಗು ಬಂದರೆ ಪ್ರೀತಿ. ಮುಖ ಬಿಗಿದರೆ, ಇಷ್ಟು ದಿನ ಪ್ರೀತಿ ಎಂದು ಕರೆದದ್ದು ಬೇರೆ ಏನೋ.

ಮಂಡ್ಯ, ಮೈಸೂರು ಕಡೆಯವರು ಇಲ್ಲಿ ಕೈ ಎತ್ತುತ್ತಾರೆ. ಅಲ್ಲಿಯ ಹಳ್ಳಿಗಳಲ್ಲಿ ಮಗ ಅಪ್ಪನಿಗೂ ‘ಬಾ, ಹೋಗು’ ಎನ್ನುತ್ತಾನೆ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನಿಗೂ “ಎಲ್ಲಿಗಣ್ಣ ಹೋಯ್ತಿದ್ದೀಯ” ಎನ್ನುತ್ತಾರೆ. ಆ ಏಕವಚನದ ಬಗ್ಗೆ ನನ್ನ ತಕರಾರಿಲ್ಲ, ಅದು ಎರಡೂ ಕಡೆ ಓಡಾಡುತ್ತದೆ. ಆದರೆ ಅದೇ ಊರುಗಳಲ್ಲಿ ಕೇರಿಯ ಹಿರಿಯರು ಒಡೆಯರ ಮನೆಯ ಪುಟ್ಟ ಮಗುವಿಗೂ ‘ಬುದ್ಧೀ’ ಎಂದು ಕೈಮುಗಿದು ಮಾತಾಡಿದ್ದನ್ನೂ, ಆ ಮಗು ಅವರನ್ನು ಹೆಸರು ಹಿಡಿದು ಕೂಗಿದ್ದನ್ನೂ ನೆನಪಿಟ್ಟುಕೊಂಡವರು ಇನ್ನೂ ಇದ್ದಾರೆ. ಏಕವಚನದ ಊರಿನಲ್ಲೂ ಗೆರೆ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಇನ್ನು ಮನೆಯೊಳಗೆ “ಏನ್ರೀ” ಎನ್ನುವ ಹೆಂಡತಿ, “ಏನೇ” ಎನ್ನುವ ಗಂಡ. ಹೊಸ ಕಾಲದ ಜೋಡಿಗಳು ಇಬ್ಬರೂ ‘ನೀನು’ ಎಂದುಕೊಂಡು ಆ ಗೆರೆಯನ್ನು ಸದ್ದಿಲ್ಲದೆ ಅಳಿಸಿದ್ದಾರೆ. ಸಂಸ್ಕೃತಿಯೇನೂ ಮುಳುಗಲಿಲ್ಲ.

ಹಾಗಾದರೆ ಎಲ್ಲರಿಗೂ ‘ನೀವು’ ಎನ್ನುವುದೇ? ಬೆಳೆದವರ ನಡುವೆ, ಮೊದಲ ಮಾತಿಗೆ, ಹೌದು ಎನ್ನುತ್ತೇನೆ. ಅಲ್ಲಿಂದ ‘ನೀನು’ವಿಗೆ ಇಳಿಯುವ ಹಕ್ಕು ಸಂಬಳ ಕೊಡುವವರಿಗೆ ಇರಬಾರದು, ಪಡೆಯುವವರಿಗೆ ಇರಲಿ. ಇದಕ್ಕೆ ಬೆಲೆಯೇ ಇಲ್ಲ ಎನ್ನಲಾರೆ. ಕನ್ನಡದಲ್ಲಿ ‘ನೀವು’ ದೂರ ಇಡುವ ಮಾತೂ ಹೌದು. ಗೆಳೆಯರು ಜಗಳವಾಡಿದಾಗ ‘ನೀನು’ ಇದ್ದಕ್ಕಿದ್ದಂತೆ ‘ನೀವು’ ಆದರೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ.

ಅದು ನನ್ನ ಅನುಭವಕ್ಕೂ ಬಂತು. ಸಿಹಿ ತಿಂದ ಮರುದಿನ ನಾನು ಅವರಿಗೆ “ಬನ್ನಿ” ಎಂದೆ. ಅವರು ಹಿಂದೆ ತಿರುಗಿ ಯಾರಾದರೂ ಬಂದರೇ ಎಂದು ನೋಡಿದರು. ಎರಡನೆಯ ದಿನ “ಕಾಫಿ ಕುಡೀತೀರಾ?” ಎಂದಾಗ ಪಾತ್ರೆ ಕೆಳಗಿಟ್ಟು, “ಯಾಕೆ ಸಾರ್, ನನ್ನಿಂದ ಏನಾದ್ರೂ ತಪ್ಪಾಯ್ತಾ? ಬೇರೆಯವರನ್ನ ನೋಡ್ಕೊಂಡ್ರಾ?” ಎಂದು ಕೇಳಿದರು. ಇಪ್ಪತ್ತು ವರ್ಷದ ‘ನೀನು’ ಹೋಗಿ ‘ನೀವು’ ಬಂದರೆ ಕೆಲಸ ಹೋಗುವ ಮುನ್ಸೂಚನೆ ಎಂದೇ ಅವರು ಅಂದುಕೊಂಡಿದ್ದರು. ಅವರ ಲೆಕ್ಕದಲ್ಲಿ ಅದು ಸರಿಯೂ ಇತ್ತು. ಹಾಗೇನಿಲ್ಲ, ನಿಮ್ಮ ಮಗನಿಗೆ ‘ನೀವು’ ಅಂದು ನಿಮಗೆ ಅನ್ನದಿದ್ದದ್ದು ನನಗೇ ನಾಚಿಕೆಯಾಯಿತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನೂ ಅವತ್ತು ಮನೆಗೆ ಹೋದ ಮೇಲೆ ಅದನ್ನೇ ಅಂದ” ಎಂದರು. ಏನಂದ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮೂರು ನಾಲ್ಕು ವಾರ ಇಬ್ಬರಿಗೂ ಮುಜುಗರವೇ. “ಊಟ ಆಯ್ತಾ”, “ಯಾವಾಗ ಬಂದಿದ್ದು” ಎಂಬ ಕಳ್ಳದಾರಿಗಳಲ್ಲೇ ಹೆಚ್ಚು ಓಡಾಡಿದೆವು. ಈಗ ರೂಢಿಯಾಗಿದೆ. ನನ್ನ ಅಮ್ಮ ಮಾತ್ರ ಅವರಿಗೆ ಈಗಲೂ ‘ಬಾರೇ’ ಎನ್ನುತ್ತಾರೆ. ಅವರು ಅಮ್ಮನಿಗೆ ‘ನೀವು’ ಎನ್ನುತ್ತಾರೆ. ಇಬ್ಬರೂ ಒಂದೇ ವಯಸ್ಸಿನವರು, ಮಧ್ಯಾಹ್ನ ಒಟ್ಟಿಗೆ ಕೂತು ಧಾರಾವಾಹಿ ನೋಡುತ್ತಾರೆ, ಅಮ್ಮ ಕುರ್ಚಿಯ ಮೇಲೆ, ಅವರು ನೆಲದ ಮೇಲೆ.